ಹೃದಯಾಘಾತಕ್ಕೆ ಗಂಟೆಗಳ ಗಡುವು, ಹೃದಯ ಸ್ತಂಭನಕ್ಕೆ ನಿಮಿಷಗಳದು

ಮಂಡ್ಯ: ಹಾಸನ ಜಿಲ್ಲೆಯಲ್ಲಿ 2025ರ ಮೇ ಅಂತ್ಯದಿಂದ ಜುಲೈ ಮೊದಲ ವಾರದವರೆಗಿನ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ಮೃತಪಟ್ಟ ವರದಿಗಳು ಬಂದಾಗ ಆತಂಕ ಆ ಜಿಲ್ಲೆಯ ಗಡಿಯಲ್ಲಿ ನಿಲ್ಲಲಿಲ್ಲ. ಹಾಸನಕ್ಕೆ ಹೊಂದಿಕೊಂಡಿರುವ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿಯೂ, ಮೈಸೂರಿನ ಕಡೆಗೆ ಮುಖ ಮಾಡಿರುವ ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿಯೂ ಜನರ ಮಾತು ಅದೇ ಆಗಿತ್ತು. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಉದ್ದನೆಯ ಸಾಲುಗಳು ಕಂಡವು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯ ತಜ್ಞರ ಸಮಿತಿ ಜುಲೈ ತಿಂಗಳಿನಲ್ಲಿಯೇ ವರದಿ ನೀಡಿತು. ಪರಿಶೀಲಿಸಿದ 24 ಸಾವುಗಳ ಪೈಕಿ ನಾಲ್ಕಕ್ಕೆ ಹೃದಯದ ಕಾಯಿಲೆ ಕಾರಣವಲ್ಲವೆಂದೂ, ಉಳಿದ 20 ಸಾವುಗಳು ಖಚಿತವಾಗಿ ಅಥವಾ ಬಹುಮಟ್ಟಿಗೆ ಹೃದಯ ಸಂಬಂಧಿಯೆಂದೂ, ಆದರೆ ಒಟ್ಟಾರೆ ಅಸಹಜ ಏರಿಕೆ ಕಂಡುಬಂದಿಲ್ಲವೆಂದೂ ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿರ್ಧಾರವನ್ನೂ ರಾಜ್ಯ ಸರ್ಕಾರ ಅದೇ ಸಂದರ್ಭದಲ್ಲಿ ಪ್ರಕಟಿಸಿತು.

ಚರ್ಚೆ ಅಲ್ಲಿಗೆ ತಣ್ಣಗಾಯಿತು. ಆದರೆ ಇಡೀ ಪ್ರಕರಣದುದ್ದಕ್ಕೂ ಒಂದು ಗೊಂದಲ ಹಾಗೆಯೇ ಉಳಿಯಿತು. ಕುಸಿದು ಸತ್ತವರೆಲ್ಲರೂ ‘ಹಾರ್ಟ್ ಅಟ್ಯಾಕ್’ನಿಂದ ಸತ್ತರೆಂದೇ ಊರೂರಿನಲ್ಲಿ ಮಾತನಾಡಲಾಯಿತು. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಹೃದಯಾಘಾತ ಒಂದು ಸಂಗತಿ, ಹೃದಯ ಸ್ತಂಭನ ಮತ್ತೊಂದು. ಎರಡಕ್ಕೂ ಇರುವ ಗಡುವು ಬೇರೆ, ಪಕ್ಕದಲ್ಲಿರುವವರು ಮಾಡಬೇಕಾದ ಮೊದಲ ಕೆಲಸವೂ ಬೇರೆ. ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸವೇ ಸಾವು ಬದುಕಿನ ನಡುವಿನ ಗೆರೆಯಾಗಬಹುದು.

ನಾಳದ ತೊಂದರೆ, ಮಿಡಿತದ ತೊಂದರೆ

ಹೃದಯ ಇಡೀ ದೇಹಕ್ಕೆ ರಕ್ತವನ್ನು ತಳ್ಳುವ ಸ್ನಾಯು. ಆ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವುದು ಹೃದಯದ ಮೇಲ್ಮೈಯಲ್ಲಿಯೇ ಹರಡಿಕೊಂಡಿರುವ ಪರಿಧಮನಿಗಳು. ಇವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಸಂಗ್ರಹವಾದ ಕೊಬ್ಬಿನ ಪದರ ಒಂದು ದಿನ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ, ಆ ನಾಳವನ್ನು ನಂಬಿಕೊಂಡಿದ್ದ ಸ್ನಾಯುಭಾಗ ಸಾಯತೊಡಗುತ್ತದೆ. ಇದು ಹೃದಯಾಘಾತ. ಎದೆಯ ಮೇಲೆ ಭಾರ ಹೇರಿದಂಥ ನೋವು, ಎಡಗೈ, ಭುಜ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ವಾಕರಿಕೆ, ಉಸಿರಿನ ಕಷ್ಟ ಇದರ ಲಕ್ಷಣಗಳು. ಮಧುಮೇಹಿಗಳಲ್ಲಿ ನೋವು ಅಷ್ಟಾಗಿ ಕಾಣಿಸದಿರಬಹುದು. ಮುಖ್ಯವಾದ ಸಂಗತಿಯೆಂದರೆ, ಈ ಹೊತ್ತಿನಲ್ಲಿ ಹೃದಯ ಇನ್ನೂ ಮಿಡಿಯುತ್ತಿರುತ್ತದೆ. ರೋಗಿಗೆ ಪ್ರಜ್ಞೆ ಇರುತ್ತದೆ, ಮಾತನಾಡುತ್ತಾನೆ, ಉಸಿರಾಡುತ್ತಾನೆ.

ಹೃದಯ ಸ್ತಂಭನದಲ್ಲಿ ನಿಲ್ಲುವುದು ಮಿಡಿತವೇ. ಹೃದಯದ ಲಯವನ್ನು ಕಾಯುವ ವಿದ್ಯುತ್ ಸಂಕೇತಗಳು ದಿಕ್ಕೆಟ್ಟು ಸ್ನಾಯು ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುತ್ತದೆ, ಇಲ್ಲವೇ ಪೂರ್ತಿ ಸ್ತಬ್ಧವಾಗುತ್ತದೆ. ಎರಡೂ ಸ್ಥಿತಿಯಲ್ಲಿ ಒಂದು ಹನಿ ರಕ್ತವೂ ಮುಂದೆ ಸಾಗುವುದಿಲ್ಲ. ಸುಮಾರು ಹತ್ತು ಸೆಕೆಂಡಿನೊಳಗೆ ವ್ಯಕ್ತಿ ಪ್ರಜ್ಞೆ ಕಳೆದುಕೊಂಡು ಕುಸಿಯುತ್ತಾನೆ.

ಇವೆರಡಕ್ಕೂ ನಂಟಿಲ್ಲವೆಂದಲ್ಲ. ಹೃದಯಾಘಾತದಲ್ಲಿ ರಕ್ತ ಸಿಗದೆ ಕಂಗೆಟ್ಟ ಸ್ನಾಯುವೇ ವಿದ್ಯುತ್ ಲಯವನ್ನು ಕೆಡಿಸಿ ಸ್ತಂಭನ ತರುವುದುಂಟು. ನಟ ಪುನೀತ್ ರಾಜ್‌ಕುಮಾರ್ ಅವರ ಸಾವು ಕನ್ನಡಿಗರಿಗೆ ನೆನಪಿರುವ ಉದಾಹರಣೆ. 2021ರ ಅಕ್ಟೋಬರ್ 29ರ ಬೆಳಿಗ್ಗೆ ಅವರಿಗೆ ಎದೆನೋವು ಕಾಣಿಸಿಕೊಂಡಿತ್ತು. ಬೆಂಗಳೂರಿನ ಆಸ್ಪತ್ರೆಗೆ ಕರೆತಂದಾಗ ಅವರು ಪ್ರತಿಕ್ರಿಯಿಸುವ ಸ್ಥಿತಿಯಲ್ಲಿರಲಿಲ್ಲ, ಹೃದಯ ಸ್ತಬ್ಧವಾಗಿತ್ತು ಎಂದು ಆಸ್ಪತ್ರೆಯ ಪ್ರಕಟಣೆ ತಿಳಿಸಿತ್ತು. ಆಗ ಅವರಿಗೆ 46 ವರ್ಷ.

ಯೋಜನೆ ತಲುಪುವ ಗಡುವು ಯಾವುದು?

ಅವರದೇ ಹೆಸರಿನ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ರಾಜ್ಯ ಸರ್ಕಾರ ಜಾರಿಗೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ತಿರುಳು. ಸಾವಿರಾರು ರೂಪಾಯಿ ಬೆಲೆಯ ಈ ಚುಚ್ಚುಮದ್ದು ಊರಿನ ಹತ್ತಿರವೇ ಸಿಗುವುದು ಸಣ್ಣ ಸಂಗತಿಯಲ್ಲ. ನಾಳ ಮುಚ್ಚಿದ ಮೊದಲ ಗಂಟೆಗಳಲ್ಲಿ ಕೊಟ್ಟಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಕೆ.ಆರ್. ಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ., ನಾಗಮಂಗಲದಿಂದ ಮಂಡ್ಯಕ್ಕೆ ಸುಮಾರು 40 ಕಿ.ಮೀ. ಆ ದಾರಿ ಕ್ರಮಿಸುವ ಮೊದಲೇ ಚಿಕಿತ್ಸೆ ಆರಂಭವಾಗುವುದು ಲಾಭವೇ.

ಆದರೆ ಈ ಲಾಭ ಹೃದಯಾಘಾತದ ಗಡುವಿಗೆ ಸಂಬಂಧಿಸಿದ್ದು. ಅದನ್ನು ಗಂಟೆಗಳಲ್ಲಿ ಅಳೆಯಲಾಗುತ್ತದೆ. ಹೃದಯ ಸ್ತಂಭನದ ಗಡುವನ್ನು ಅಳೆಯುವುದು ನಿಮಿಷಗಳಲ್ಲಿ. ಅದನ್ನು ನಿರ್ಧರಿಸುವುದು ಹೃದಯವೂ ಅಲ್ಲ, ಮಿದುಳು.

ಮಿದುಳಿನ ತೂಕ ದೇಹದ ತೂಕದ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ಸ್ನಾಯುಗಳಂತೆ ಅದು ನಾಳೆಗೆಂದು ಕೂಡಿಡುವುದಿಲ್ಲ. ಮಿದುಳಿನ ಪ್ರತಿ ಜೀವಕೋಶವೂ ತನ್ನೊಳಗೆ ನುಗ್ಗುವ ಲವಣದಂಶವನ್ನು ಸತತವಾಗಿ ಹೊರಹಾಕುತ್ತಿರಬೇಕು, ಅದಕ್ಕೆ ಶಕ್ತಿ ಬೇಕು. ರಕ್ತ ನಿಂತ ಕೂಡಲೇ ಶಕ್ತಿಯ ಪೂರೈಕೆ ನಿಲ್ಲುತ್ತದೆ. ಕೋಶಗಳು ಊದಿಕೊಳ್ಳುತ್ತವೆ, ನಾಲ್ಕೈದು ನಿಮಿಷ ಕಳೆಯುವ ಹೊತ್ತಿಗೆ ಮತ್ತೆ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಇಪ್ಪತ್ತು ನಿಮಿಷದ ನಂತರ ಆಸ್ಪತ್ರೆಯಲ್ಲಿ ಹೃದಯವನ್ನು ಮತ್ತೆ ಮಿಡಿಯುವಂತೆ ಮಾಡಿದರೂ, ಕಣ್ಣು ತೆರೆದು ಮನೆಯವರನ್ನು ಗುರುತಿಸುವ ವ್ಯಕ್ತಿ ಮರಳದೇ ಹೋಗಬಹುದು.

ಎದೆ ಒತ್ತಿದರೆ ಒಳಗೆ ಏನಾಗುತ್ತದೆ?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎದೆಯನ್ನು ಕೊಯ್ಯದೆ, ಹೊರಗಿನಿಂದ ಬರಿಗೈಯಲ್ಲಿ ಒತ್ತಿಯೇ ರಕ್ತ ಹರಿಸಬಹುದೆಂದು ತೋರಿಸಿದರು. ಅದಕ್ಕೆ ಮೊದಲು ನಿಂತ ಹೃದಯಕ್ಕೆ ಶಸ್ತ್ರಚಿಕಿತ್ಸಕರು ಎದೆ ತೆರೆದು ಕೈಯಿಂದ ಹಿಸುಕುತ್ತಿದ್ದರು. ಇಂದು ಸಿಪಿಆರ್ ಎಂದು ಕರೆಯುವ ವಿಧಾನದ ತಳಹದಿ ಇದೇ.

ಹೃದಯ ಇರುವುದು ಎದೆಮೂಳೆ ಮತ್ತು ಬೆನ್ನುಮೂಳೆಗಳ ನಡುವೆ. ಎದೆಮೂಳೆಯನ್ನು ಬಲವಾಗಿ ಕೆಳಕ್ಕೆ ಒತ್ತಿದಾಗ ಹೃದಯ ಅವೆರಡರ ನಡುವೆ ಹಿಸುಕಲ್ಪಡುತ್ತದೆ, ಎದೆಗೂಡಿನ ಒಳಗಿನ ಒತ್ತಡವೂ ಏರುತ್ತದೆ. ಹೃದಯದ ಕವಾಟಗಳು ಒಂದೇ ದಿಕ್ಕಿಗೆ ತೆರೆಯುವಂಥವು. ಹಾಗಾಗಿ ಒಳಗಿದ್ದ ರಕ್ತ ಹಿಂದಕ್ಕೆ ಹೋಗದೆ ಮಹಾಪಧಮನಿಗೆ, ಅಲ್ಲಿಂದ ಕುತ್ತಿಗೆಯ ಮೂಲಕ ಮಿದುಳಿಗೆ ಸಾಗುತ್ತದೆ. ಕೈಯ ಭಾರ ತೆಗೆದಾಗ ಎದೆಗೂಡು ತಾನಾಗಿ ಮೇಲೇಳುತ್ತದೆ. ಆಗ ಒಳಗಿನ ಒತ್ತಡ ಇಳಿದು ದೇಹದ ರಕ್ತ ಮತ್ತೆ ಹೃದಯಕ್ಕೆ ಹರಿದು ಬರುತ್ತದೆ. ಹೃದಯದ ಸ್ವಂತ ಪರಿಧಮನಿಗಳಿಗೆ ರಕ್ತ ಸಿಗುವುದೂ ಮುಖ್ಯವಾಗಿ ಈ ಮೇಲೇಳುವ ಹಂತದಲ್ಲಿಯೇ. ಆದ್ದರಿಂದ ಒತ್ತುವುದು ಎಷ್ಟು ಮುಖ್ಯವೋ, ಪ್ರತಿ ಸಲ ಪೂರ್ತಿಯಾಗಿ ಬಿಡುವುದೂ ಅಷ್ಟೇ ಮುಖ್ಯ. ದಣಿದವರು ಎದೆಯ ಮೇಲೆ ಒರಗಿಕೊಂಡೇ ಒತ್ತುವುದು ಸಾಮಾನ್ಯ ತಪ್ಪು.

ವಿಶ್ರಾಂತಿಯಲ್ಲಿರುವ ಆರೋಗ್ಯವಂತನ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳುತ್ತದೆ. ಅತ್ಯುತ್ತಮ ರೀತಿಯಲ್ಲಿ ಎದೆ ಒತ್ತಿದರೂ ಹರಿಯುವುದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು. ಮಿದುಳನ್ನು ಕೆಲಸ ಮಾಡಿಸಲು ಅದು ಸಾಲದು. ಆದರೆ ಮಿದುಳಿನ ಕೋಶಗಳು ಬೇಗನೆ ಸಾಯದಂತೆ ತಡೆಯಲು ಅಷ್ಟು ನೆರವಾಗುತ್ತದೆ.

ಹಳ್ಳಿಯ ಕೈಪಂಪು ಹೊಡೆದವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಮೊದಲ ನಾಲ್ಕಾರು ಏಟಿಗೆ ನೀರು ಬರುವುದಿಲ್ಲ. ನೀರು ಕೊಳವೆಯಲ್ಲಿ ಏರಿ ನಿಂತ ಮೇಲಷ್ಟೇ ಪ್ರತಿ ಏಟಿಗೂ ಕೊಡ ತುಂಬುತ್ತದೆ. ಎದೆ ಒತ್ತುವಾಗಲೂ ರಕ್ತನಾಳದ ಒತ್ತಡ ಒಂದೊಂದೇ ಏಟಿನಿಂದ ಮೆಲ್ಲನೆ ಕಟ್ಟಿಕೊಳ್ಳುತ್ತದೆ. ಕೈ ನಿಲ್ಲಿಸಿದರೆ ಕೆಲವೇ ಸೆಕೆಂಡಿನಲ್ಲಿ ಅದು ಕುಸಿಯುತ್ತದೆ, ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಎರಡು ಸಲ ಒತ್ತಿ, ನಾಡಿ ನೋಡಿ, ನೀರು ಚಿಮುಕಿಸಿ, ಮತ್ತೆರಡು ಸಲ ಒತ್ತುವುದರಿಂದ ಪ್ರಯೋಜನವಾಗದಿರುವುದು ಈ ಕಾರಣಕ್ಕೆ.

ಉಸಿರು ಊದದೆ ಬರಿ ಒತ್ತುವುದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಹೃದಯ ಹಠಾತ್ತನೆ ನಿಂತಾಗ, ಅದಕ್ಕೆ ಹಿಂದಿನ ಕ್ಷಣದವರೆಗೂ ವ್ಯಕ್ತಿ ಚೆನ್ನಾಗಿಯೇ ಉಸಿರಾಡುತ್ತಿದ್ದ. ಅವನ ರಕ್ತದಲ್ಲಿ ಮತ್ತು ಶ್ವಾಸಕೋಶದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಆಗುವಷ್ಟು ಆಮ್ಲಜನಕ ಉಳಿದಿರುತ್ತದೆ. ಕೊರತೆ ಇರುವುದು ಅದನ್ನು ಮಿದುಳಿಗೆ ಸಾಗಿಸುವ ಬಲಕ್ಕೆ. ತರಬೇತಿ ಇಲ್ಲದವರು ಕೇವಲ ಎದೆ ಒತ್ತಿದರೆ ಸಾಕೆಂದು ಇಂದಿನ ಮಾರ್ಗಸೂಚಿಗಳು ಹೇಳುವುದು ಇದೇ ಆಧಾರದ ಮೇಲೆ.

ಆಲೆಮನೆಯ ಒಂದು ಮುಂಜಾವು

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಆಲೆಮನೆ. ತಾಲ್ಲೂಕು ಆಸ್ಪತ್ರೆಗೆ 12 ಕಿ.ಮೀ. ದಾರಿ. ಬೆಳಿಗ್ಗೆ 8 ಗಂಟೆಗೆ ಐವತ್ತರ ಆಸುಪಾಸಿನ ಕೆಲಸಗಾರರೊಬ್ಬರು ಎದೆ ಹಿಡಿದುಕೊಂಡು ಕೂರುತ್ತಾರೆ. ಬೆವರುತ್ತಿದ್ದಾರೆ, ‘ಗ್ಯಾಸ್ ಇರಬೇಕು’ ಎನ್ನುತ್ತಾರೆ. ಯಾರೋ ಸೋಡಾ ತರಲು ಹೋಗುತ್ತಾರೆ. ಇದು ಹೃದಯಾಘಾತದ ಹಂತ. ಇಲ್ಲಿ ಎದೆ ಒತ್ತಬಾರದು. ಅವರನ್ನು ನಡೆಸದೆ, ಗಾಡಿ ಓಡಿಸಲು ಬಿಡದೆ, 108ಕ್ಕೆ ಕರೆ ಮಾಡಿ ಕೂಡಲೇ ಇಸಿಜಿ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕ ಕಾರಿನಲ್ಲಿ ಹೊರಡುವುದೂ ಇಲ್ಲಿ ಸರಿಯೇ.

ಸೋಡಾಕ್ಕಾಗಿ ಕಾದು 8.30 ಆಗುತ್ತದೆ. ಅವರು ಒಮ್ಮೆಲೇ ಪಕ್ಕಕ್ಕೆ ಉರುಳುತ್ತಾರೆ. ಕೈಕಾಲು ಕೆಲವು ಕ್ಷಣ ಸೆಟೆದು ಅದುರುತ್ತವೆ. ಮೂರ್ಛೆರೋಗವೆಂದು ತಿಳಿದು ಯಾರೋ ಕೈಗೆ ಬೀಗದ ಕೈ ಕೊಡುತ್ತಾರೆ, ಮತ್ತೊಬ್ಬರು ಮುಖಕ್ಕೆ ನೀರು ಹಾಕುತ್ತಾರೆ. ಬಾಯಿ ತೆರೆದುಕೊಂಡು ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದಿನೊಂದಿಗೆ ಉಸಿರು ಎಳೆಯುವುದು ಕಾಣುತ್ತದೆ. ‘ಉಸಿರಾಡ್ತಾವ್ನೆ, ಎತ್ರಿ ಗಾಡಿಗೆ’ ಎಂಬ ಕೂಗು ಏಳುತ್ತದೆ.

ಎಡವುವುದು ಇಲ್ಲಿಯೇ. ಆ ಎಳೆದಾಟ ಉಸಿರಾಟವಲ್ಲ. ರಕ್ತ ಸಿಗದ ಮಿದುಳಿನ ಬುಡದಿಂದ ಹೊರಡುವ ಕೊನೆಯ ಸಂಕೇತ ಅದು. ಸ್ತಂಭನದ ಮೊದಲ ನಿಮಿಷಗಳಲ್ಲಿ ಅನೇಕರಲ್ಲಿ ಕಾಣುತ್ತದೆ. ಹೃದಯ ಸ್ತಂಭನವನ್ನು ಗುರುತಿಸಲು ನಾಡಿ ಹುಡುಕುತ್ತಾ ಕೂರಬೇಕಿಲ್ಲ. ಭುಜ ತಟ್ಟಿ ಜೋರಾಗಿ ಕೂಗಿದರೂ ಪ್ರತಿಕ್ರಿಯೆ ಇಲ್ಲ, ಸಹಜವಾದ ಉಸಿರಾಟವೂ ಇಲ್ಲ ಎಂಬ ಎರಡು ಸಂಗತಿಗಳೇ ಸಾಕು. ಅದನ್ನು ತಿಳಿಯಲು ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ.

ಆಲೆಮನೆಯವರು ಅವರನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆಂದಿಟ್ಟುಕೊಳ್ಳೋಣ. ಎತ್ತಿ ಕೂರಿಸಲು ಐದು ನಿಮಿಷ, ದಾರಿಗೆ ಇಪ್ಪತ್ತು ನಿಮಿಷ. ಒಟ್ಟು 25 ನಿಮಿಷ ಮಿದುಳಿಗೆ ರಕ್ತವಿಲ್ಲ. ವಿದ್ಯುತ್ ಆಘಾತ ಸಿಗುವವರೆಗೆ ಎದೆ ಒತ್ತದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆಂಬುದು ತಜ್ಞರು ಒಪ್ಪಿರುವ ಲೆಕ್ಕ. ಅದರ ಪ್ರಕಾರ ಕಾರು ಅರ್ಧ ದಾರಿಗೆ ಬರುವ ಮೊದಲೇ ಎಲ್ಲ ಮುಗಿದಿರುತ್ತದೆ. ಹೃದಯಾಘಾತದಲ್ಲಿ ಜೀವ ಉಳಿಸುವ ಅದೇ ಕಾರು, ಹೃದಯ ಸ್ತಂಭನದಲ್ಲಿ ಜೀವ ತೆಗೆಯುತ್ತದೆ. ಓಡುವ ಕಾರಿನ ಮೆತ್ತನೆಯ ಸೀಟಿನ ಮೇಲೆ ಸರಿಯಾಗಿ ಒತ್ತುವುದೂ ಸಾಧ್ಯವಿಲ್ಲ.

ಇನ್ನೊಂದು ದಾರಿಯೂ ಇತ್ತು. ಕುಸಿದಲ್ಲಿಯೇ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸುವುದು. ಮಂಚವಾಗಲಿ, ಹಾಸಿಗೆಯಾಗಲಿ ಬೇಡ, ಒತ್ತಿದ ಬಲವೆಲ್ಲ ಅದರೊಳಗೇ ಇಂಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರ್‌ನಲ್ಲಿಡುವುದು. ಇನ್ನೊಬ್ಬರು ಪಕ್ಕದಲ್ಲಿ ಮಂಡಿಯೂರಿ, ಎದೆಮೂಳೆಯ ಕೆಳ ಅರ್ಧಭಾಗದ ಮೇಲೆ ಅಂಗೈಯ ಹಿಮ್ಮಡಿಯನ್ನಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ತಮ್ಮ ಮೈಭಾರದಿಂದ ಒತ್ತುವುದು. ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಎಂದರೆ ಸೆಕೆಂಡಿಗೆ ಸುಮಾರು ಎರಡು. ಗಟ್ಟಿಯಾಗಿ ಎಣಿಸುತ್ತಾ ಹೋದರೆ ವೇಗ ತಪ್ಪುವುದಿಲ್ಲ.

ನೋಡುವವರಿಗೆ ಇದು ಒರಟೆನಿಸುತ್ತದೆ. ಪಕ್ಕೆಲುಬು ಲಟಕ್ಕೆಂದ ಸದ್ದು ಬರಬಹುದು. ಹೆದರಿ ನಿಲ್ಲಿಸುವುದು ತಪ್ಪು. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ಗಟ್ಟಿಮುಟ್ಟಾದವರೂ ದಣಿಯುತ್ತಾರೆ, ತಮಗೆ ಗೊತ್ತಾಗದಂತೆ ಒತ್ತುವ ಆಳ ಕಡಿಮೆಯಾಗುತ್ತದೆ. ಆಲೆಮನೆಯಲ್ಲಿ ನಾಲ್ವರಿದ್ದರೆ ಎರಡೆರಡು ನಿಮಿಷಕ್ಕೆ ಕೈ ಬದಲಿಸುತ್ತಾ ಆಂಬುಲೆನ್ಸ್ ಬರುವವರೆಗೆ ಮುಂದುವರಿಸಬಹುದು. ವ್ಯಕ್ತಿ ಕೈಕಾಲು ಆಡಿಸಿ, ಸಹಜವಾಗಿ ಉಸಿರಾಡತೊಡಗಿದರೆ ಮಾತ್ರ ನಿಲ್ಲಿಸಬೇಕು.

ಮಿತಿ ಎಲ್ಲಿದೆ?

ಎದೆ ಒತ್ತುವುದರಿಂದ ಹೃದಯ ತಾನಾಗಿ ಮತ್ತೆ ಮಿಡಿಯುವುದು ಅಪರೂಪ. ಒತ್ತುವುದು ಸಮಯವನ್ನು ಗಳಿಸಿಕೊಡುತ್ತದೆ, ಅದುರುತ್ತಿರುವ ಹೃದಯ ಬೇಗನೆ ಪೂರ್ತಿ ಸ್ತಬ್ಧವಾಗದಂತೆ ಕಾಯುತ್ತದೆ. ಲಯವನ್ನು ಮರಳಿಸುವುದು ಡಿಫಿಬ್ರಿಲೇಟರ್ ನೀಡುವ ವಿದ್ಯುತ್ ಆಘಾತ. ಅದೂ ಹೃದಯ ಅದುರುತ್ತಿರುವವರೆಗೆ ಮಾತ್ರ. ಎಇಡಿ ಎಂಬ ಸ್ವಯಂಚಾಲಿತ ಯಂತ್ರವನ್ನು ಸಾಮಾನ್ಯರೂ ಬಳಸಬಹುದು, ಪಟ್ಟಿಗಳನ್ನು ಎದೆಗೆ ಅಂಟಿಸಿದರೆ ಮುಂದಿನದನ್ನು ಯಂತ್ರವೇ ಹೇಳುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಇವುಗಳನ್ನು ಇಡುವುದೂ ಹೃದಯ ಜ್ಯೋತಿ ಯೋಜನೆಯ ಭಾಗವೆಂದು ಸರ್ಕಾರ ಘೋಷಿಸಿತ್ತು. ಯಂತ್ರ ಮೂರ್ನಾಲ್ಕು ನಿಮಿಷದ ನಡಿಗೆಯೊಳಗೆ ಇರದಿದ್ದರೆ ಅದರ ಪ್ರಯೋಜನ ತೀರಾ ಕಡಿಮೆ. ಮೇಲುಕೋಟೆಯ ಯೋಗನರಸಿಂಹ ಬೆಟ್ಟದ ಮೆಟ್ಟಿಲು, ಆದಿಚುಂಚನಗಿರಿ, ಶ್ರೀರಂಗಪಟ್ಟಣದ ದೇವಾಲಯ, ಬೃಂದಾವನದಂಥ ಜನ ಸೇರುವ ತಾಣಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಯಂತ್ರ ಇದೆಯೇ ಎಂಬುದಷ್ಟೇ ಅಲ್ಲ, ಯಾವ ಗೋಡೆಯ ಮೇಲೆ ಇದೆ, ಬೀಗ ಯಾರ ಬಳಿ ಇದೆ ಎಂಬುದೂ ಹೌದು.

ಇನ್ನೊಂದು ಮಿತಿ ಈ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ ಉರುಳಿ 30 ಮಂದಿ ಮೃತಪಟ್ಟಿದ್ದರು. ನೀರಿನಲ್ಲಿ ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು, ಹೃದಯ ನಿಲ್ಲುವುದು ರಕ್ತದ ಆಮ್ಲಜನಕ ಬರಿದಾದ ಮೇಲೆ. ಅಂಥವರಿಗೆ ಬರಿ ಎದೆ ಒತ್ತುವುದು ಸಾಲದು, ಬಾಯಿಂದ ಬಾಯಿಗೆ ಉಸಿರೂ ಬೇಕು. ತರಬೇತಿ ಪಡೆದವರು 30 ಸಲ ಒತ್ತಿ ಎರಡು ಸಲ ಉಸಿರು ಊದುವ ಕ್ರಮ ಅನುಸರಿಸುತ್ತಾರೆ. ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ನಾಲೆ, ಕೆರೆ, ನದಿದಂಡೆಯ ಊರುಗಳಲ್ಲಿ ಕಲಿಸುವ ಸಿಪಿಆರ್ ಇದನ್ನೂ ಒಳಗೊಂಡಿರಬೇಕು.

ಎಲ್ಲವೂ ಸರಿಯಾಗಿ ನಡೆದರೂ ಫಲ ಖಚಿತವಲ್ಲ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನಕ್ಕೆ ಒಳಗಾದವರಲ್ಲಿ ಬದುಕಿ ಮನೆಗೆ ಮರಳುವವರು ಅಮೆರಿಕದಂಥ ದೇಶದಲ್ಲಿಯೂ ಹತ್ತರಲ್ಲಿ ಒಬ್ಬರಷ್ಟೇ. ಆದರೆ ಆ ಒಬ್ಬರು ಬಹುಮಟ್ಟಿಗೆ, ಕುಸಿದ ಕ್ಷಣದಲ್ಲಿ ಪಕ್ಕದಲ್ಲಿ ಯಾರಾದರೂ ಇದ್ದು, ಅವರು ಕೂಡಲೇ ಎದೆಯ ಮೇಲೆ ಕೈ ಇಟ್ಟವರೇ ಆಗಿರುತ್ತಾರೆ.

ಹಾಸನದ ವರದಿಯ ನಂತರ ಜಯದೇವದ ಮುಂದೆ ಸಾಲುಗಟ್ಟಿದವರು ಕೇಳಿದ್ದು ತಮ್ಮ ನಾಳಗಳ ಸ್ಥಿತಿಯನ್ನು. ಅದು ಬೇಕಾದ ಪ್ರಶ್ನೆಯೇ. ಆದರೆ ನಾಲ್ಕೂ ತಾಲ್ಲೂಕುಗಳ ಯಾವುದೇ ಮನೆ, ಗದ್ದೆ, ಆಲೆಮನೆಯಲ್ಲಿ ಒಬ್ಬರು ಕುಸಿದರೆ ಮೊದಲ ಐದು ನಿಮಿಷದ ಉತ್ತರ ಮೈಸೂರಿನಲ್ಲಿಯೂ ಇರುವುದಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇರುವುದಿಲ್ಲ. ಆ ಉತ್ತರ ಪಕ್ಕದಲ್ಲಿ ನಿಂತವರ ಎರಡು ಕೈಗಳಲ್ಲಿ ಇರುತ್ತದೆ.